ಕಪ್ಪು ಬಿಳುಪಿನಲ್ಲಿ ಸಿಕ್ಕಿದ ಅವ್ವ

ನಮ್ಮವ್ವ ಸಿಕ್ಕಿಬುಟ್ಟಳು, ಸಿನಿಮಾದೊಳಗೆ! ನಾನು ಹತ್ತು ವರ್ಷದವಳಿದ್ದಾಗ ತೀರಿಕೊಂಡ ಅವಳದು ಒಂದು ಫೋಟೋನೂ ನಮ್ಮಲ್ಲಿಲ್ಲ. ಕೂಟಗಲ್ ಹತ್ತಿರ ಶೂಟಿಂಗಿಗೆ ಬಂದವರು ಅವಳನ್ನು ರಾಗಿ ಕೊಯ್ಯುವವರ ಗುಂಪಿನಲ್ಲಿ ನಿಲ್ಲಿಸಿದ್ದರು. ಆ ಸಿನಿಮಾವನ್ನು ಟೆಂಟಿನಲ್ಲಿ ನೋಡಿದ್ದೆ, ಅದರ ಹೆಸರು ಮರೆತಿತ್ತು. ಕುರುಡಿ ನಾಯಕಿ, ಕೆನ್ನೆಯಲ್ಲಿ ಮಚ್ಚೆಯಿದ್ದ ಖಳನಾಯಕ, ಒಂದು ಹಾಡಿನ ರಾಗ, ಇಷ್ಟೇ ನೆನಪು.

ಮಗಳು ಚನ್ನಪಟ್ಟಣದ ಸಿ.ಡಿ. ಅಂಗಡಿಗೆ ಕರೆದೊಯ್ದಳು. ರಾಗ ಗುನುಗಿದೆ, ಅಂಗಡಿಯವರಿಗೆ ಗೊತ್ತಾಗಲಿಲ್ಲ.

"ಕಪ್ಪು ಬಿಳುಪಾ, ಬಣ್ಣದ್ದಾ ಅಜ್ಜಿ?"

"ಕಪ್ಪು ಬಿಳುಪು ಕಣಪ್ಪ. ಆ ಹಾಡು ಮಾತ್ರ ಬಣ್ಣದ್ದು."

ಹಾಗೆ ಒಂದೆರಡು ಹಾಡಿಗೆ ಮಾತ್ರ ಬಣ್ಣ ಹಾಕುತ್ತಿದ್ದುದು ಕೆಲವೇ ವರ್ಷವಂತೆ. ಆ ಕಾಲದ ಸಿ.ಡಿ.ಗಳನ್ನೆಲ್ಲ ಮುಂದೆ ಹರಡಿದರು. ಒಂದರ ಹೊದಿಕೆಯಲ್ಲಿ ಮಚ್ಚೆ ಮುಖ ಕಂಡಿತು.

ಮನೆಯಲ್ಲಿ ಹಾಕಿದೆವು. ಗುಂಪಿನಲ್ಲಿ ಅವ್ವ ಸೊಂಟ ನೆಟ್ಟಗೆ ಮಾಡಿ ನಕ್ಕಳು. ಅವಳು ನನ್ನ ಮಗಳಿಗಿಂತ ಚಿಕ್ಕವಳು!

ಸಂಜೆ ಮನೆಮಂದಿಯೆಲ್ಲ ಒಟ್ಟಿಗೆ ಮುದ್ದೆಗೆ ಕುಳಿತೆವು. ಟಿ.ವಿ.ಯಲ್ಲಿ ಅವ್ವನನ್ನು ಹಾಗೇ ನಿಲ್ಲಿಸಿದ್ದರು. ನಾನು ಮುದ್ದೆ ಮುರಿಯದೆ ಅವಳನ್ನೇ ನೋಡುತ್ತಿದ್ದೆ. ಫ್ಯಾಕ್ಟರಿಯಿಂದ ಬಂದ ಅಳಿಯ, "ಉಣ್ಣಿ ಅತ್ತೆ, ಇನ್ನು ಅವರೆಲ್ಲೂ ಹೋಗಾಕಿಲ್ಲ" ಅಂದರು.