ಶನಿವಾರದ ಜೋಳ, ಹಗಲಿನ ರಿಯಾಯಿತಿ

ಹೆಂಡತಿ ಹೋದಮೇಲೆ ನನ್ನ ಮನೆಯಲ್ಲಿ ಮಾತು ಕೇಳಿಸುತ್ತಿದ್ದದ್ದು ವಾರಕ್ಕೆ ಒಂದು ಸಂಜೆ ಮಾತ್ರ. ಅದೂ ಹಿಟ್ಟಿನ ಗಿರಣಿ ಓಡುವಾಗ.

ಗಿರಣಿ ಅಂದರೆ ದೊಡ್ಡದೇನಲ್ಲ. ಮನೆಯಲ್ಲೇ ಇಟ್ಟುಕೊಳ್ಳುವ ಕಪಾಟಿನಂಥ ಯಂತ್ರ, ಪುಣೆಯವರು ಘರಘಂಟಿ ಎನ್ನುತ್ತಾರೆ. ಹಟ ಹಿಡಿದು ಅವಳು ಕೊಂಡದ್ದು. ಅಂಗಡಿಯ ಜೋಳದ ಹಿಟ್ಟಿಗೆ ಜಿಗಿ ಇರುವುದಿಲ್ಲ, ರೊಟ್ಟಿ ತಟ್ಟುವಾಗಲೇ ಸೀಳುತ್ತದೆ, ಹಿಟ್ಟು ವಾರಕ್ಕೊಮ್ಮೆ ಬೀಸಿದ್ದೇ ಆಗಬೇಕು ಎಂಬುದು ಅವಳ ವಾದವಾಗಿತ್ತು. ಪುಣೆಯ ಪಕ್ಕದ ನಿಗಡಿಯ ನಮ್ಮ ಕಟ್ಟಡದಲ್ಲಿ ಉತ್ತರ ಕರ್ನಾಟಕದ ಮನೆ ಎರಡೇ. ನಮ್ಮದು ಮೂರನೆಯ ಮಹಡಿ; ಕೆಳಗಿನ ಮಹಡಿಯಲ್ಲಿ ವಿಜಯಪುರದ ಕಡೆಯ ದಂಪತಿ. ನಾನು ಆಕೆಗೆ ವೈನಿ, ಅಂದರೆ ಅತ್ತಿಗೆ, ಅನ್ನುತ್ತೇನೆ; ಆಕೆ ನನಗೆ ಮೈದುನನಿಗೆ ಅನ್ನುವಂತೆ ಭಾವುಜಿ ಅನ್ನುತ್ತಾರೆ. ಯಜಮಾನರು ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ಬಾಯಿ ಚುರುಕು.

ಹೆಂಡತಿ ತೀರಿಕೊಂಡಮೇಲೂ ಅವರಿಬ್ಬರು ಶನಿವಾರ ಸಂಜೆ ಜೋಳದ ಡಬ್ಬಿ ಹಿಡಿದು ಬರುವುದು ನಿಲ್ಲಲಿಲ್ಲ. ಮೇಲಿನ ಮಹಡಿಯ ಬೆಂಗಳೂರಿನ ಹುಡುಗಿ, ಹಿಂಜವಡಿಯ ಐಟಿ ಕಂಪನಿಯೊಂದರಲ್ಲಿ ಕೆಲಸ, ಆಗಾಗ ರಾಗಿ ತರುತ್ತಿದ್ದಳು. ಗಿರಣಿ ಗರಗರ ಅನ್ನುತ್ತಿರುತ್ತದೆ, ಅದರ ಮೇಲೆ ದನಿ ಏರಿಸಿ ಎಲ್ಲರೂ ಮಾತಾಡುತ್ತಾರೆ, ನಡುವೆ ವೈನಿ ತಂದ ಚುರಮುರಿ. ದುಡ್ಡಿನ ಮಾತಿಲ್ಲ. ಬೀಸಿದ ಹಿಟ್ಟಿನಲ್ಲಿ ಒಂದು ಹಿಡಿ ಗಿರಣಿಯ ಮನೆಗೆ ಬಿಟ್ಟು ಹೋಗುವುದು ರೂಢಿ. ಆ ಹಿಡಿಯಲ್ಲಿ ನನ್ನ ಭಾನುವಾರದ ರೊಟ್ಟಿ ಆಗುತ್ತಿತ್ತು. ಆಕಾರ ಮಾತ್ರ ಮಹಾರಾಷ್ಟ್ರದ ನಕಾಶೆಯಂತೆ.

ಇಷ್ಟು ಚೆನ್ನಾಗಿದ್ದದ್ದನ್ನು ಕೆಡಿಸಿಕೊಳ್ಳಲು ನನಗೆ ಬೇಕಾದದ್ದು ಒಂದು ಮೀಟರು.

ವಿದ್ಯುತ್ ಕಂಪನಿಯವರು ಬಂದು ಹಳೆಯ ಮೀಟರ್ ಕಿತ್ತು ಸ್ಮಾರ್ಟ್ ಮೀಟರ್ ಹಾಕಿ ಹೋದರು. ಅದು ರೀಡಿಂಗನ್ನು ತಾನೇ ಕಳಿಸುತ್ತದೆ. ಹೀಗಾಗಿ ತಿಂಗಳಿಗೊಮ್ಮೆ ಬಂದು ಕೆಳಗೆ ಮೆಟ್ಟಿಲ ಬುಡದಲ್ಲಿ ಮೀಟರಿನ ಫೋಟೋ ತೆಗೆದು, ಮೇಲೆ ಹತ್ತಿ ನನ್ನ ಕೈಯಲ್ಲಿ ನೀರು ಕುಡಿದು ಹೋಗುತ್ತಿದ್ದವನು ಬರುವುದೂ ನಿಂತಿತು. ಮನೆಗೆ ಬರುವವರ ಪಟ್ಟಿ ಅಷ್ಟೇನೂ ಉದ್ದವಿರಲಿಲ್ಲ. ಒಬ್ಬ ಕಡಿಮೆಯಾದರೂ ಗೊತ್ತಾಗುತ್ತಿತ್ತು.

ನಾನು ಹುಟ್ಟಾ ಚಿಂತೆಯವನು. ಬೀಗ ಹಾಕಿದ ಬಾಗಿಲನ್ನು ಜಗ್ಗಿ ನೋಡಿ, ಎರಡು ಮೆಟ್ಟಿಲು ಇಳಿದು, ಮತ್ತೆ ಹತ್ತಿ ಜಗ್ಗುವವನು. ಇಂಥವನ ಫೋನಿನಲ್ಲಿ ಅರ್ಧರ್ಧ ಗಂಟೆಯ ಕರೆಂಟಿನ ಖರ್ಚನ್ನು ಕಂಬ ಕಂಬವಾಗಿ ತೋರಿಸುವ ಆ್ಯಪ್ ಬಂದರೆ ಏನಾಗಬೇಕು? ಫ್ರಿಜ್ಜಿನ ಗಿಡ್ಡ ಕಂಬ, ಗೀಸರಿನ ಎತ್ತರದ ಕಂಬ ಎಂದು ಗುರುತಿಸಿ ಸಂತೋಷಪಡತೊಡಗಿದೆ. ಹೊಸ ಮೀಟರಿನವರಿಗೆ ಬೆಳಗಿನ ಒಂಬತ್ತರಿಂದ ಸಂಜೆ ಐದರವರೆಗೆ ಬಳಸಿದ ಯೂನಿಟ್ಟಿಗೆ ರಿಯಾಯಿತಿ ಎಂದೂ ತಿಳಿಯಿತು. ಕಾರಖಾನೆಗಳಿಗೆ ಸಂಜೆ ದರ ಹೆಚ್ಚು ಎಂದು ಎಲ್ಲೋ ಓದಿದ್ದೆ. ಎರಡನ್ನೂ ಕಲಸಿಕೊಂಡು, ನಮ್ಮಂಥ ಮನೆಗೂ ಸಂಜೆಯ ಕರೆಂಟು ತುಟ್ಟಿ ಎಂದು ತೀರ್ಮಾನಿಸಿದೆ. ಮೇಲೆ ಸ್ಲ್ಯಾಬಿನ ಭಯ ಬೇರೆ. ನೂರು ಯೂನಿಟ್ ದಾಟಿದರೆ ದರ ದುಪ್ಪಟ್ಟಿಗಿಂತ ಹೆಚ್ಚು. ಒಂದು ಯೂನಿಟ್ ದಾಟಿದರೂ ಇಡೀ ತಿಂಗಳ ಬಿಲ್ಲು ಆ ದರಕ್ಕೆ ಹತ್ತುತ್ತದೆ ಎಂದುಕೊಂಡಿದ್ದೆ. ನನ್ನ ಖರ್ಚು ಆ ಗೆರೆಯ ಈಚೆಗೇ ಸುಳಿಯುತ್ತಿತ್ತು. ಗಿರಣಿಯ ಖರ್ಚು ಸೇರಿದರೆ ಆಚೆಗೆ ಕಾಲಿಡುತ್ತಿತ್ತು.

ಆವತ್ತಿನಿಂದ ಸ್ನಾನ ಒಂಬತ್ತರ ನಂತರ. ನಾನು ಮನೆಯಲ್ಲೇ ಕೂತು ವ್ಯಾಪಾರಿಗಳ ಲೆಕ್ಕ ಬರೆಯುವವನಾದ್ದರಿಂದ ಮೈಗೆ ನೀರು ಯಾವಾಗ ಬಿತ್ತು ಎಂದು ಕೇಳುವವರಿಲ್ಲ. ಬಟ್ಟೆ ತೊಳೆಯುವುದು, ಇಸ್ತ್ರಿ ಎಲ್ಲ ಮಧ್ಯಾಹ್ನಕ್ಕೆ. ಉಳಿದದ್ದು ಶನಿವಾರದ ಸಂಜೆ.

ನಾನೇನೂ ಬರಬೇಡಿ ಎನ್ನಲಿಲ್ಲ. ಒಂದು ಶನಿವಾರ, ಗಿರಣಿ ಓಡುತ್ತಿರುವಾಗ, ತಮಾಷೆಗೆಂದು ವೈನಿಯ ಮುಂದೆ ಫೋನ್ ಹಿಡಿದೆ. ಹಿಂದಿನ ಶನಿವಾರದ ಚಿತ್ರ. ಗೀಸರಿನದೊಂದು ಬಿಟ್ಟರೆ ದಿನವಿಡೀ ಮೋಟು ಕಂಬಗಳು. ಸಂಜೆಯ ಹೊತ್ತಿಗೆ ಸಾಲಾಗಿ ಎತ್ತರದವು.

"ನೋಡ್ರಿ ವೈನಿ, ಈ ಗುಡ್ಡ ಕಾಣತದಲ್ಲ, ಇದು ನಿಮ್ಮ ಜೋಳ."

ಯಜಮಾನರು ನಕ್ಕರು. "ಅಲೆಲೆ, ನಮ್ಮ ಜೋಳ ಫೋನಿನ್ಯಾಗೂ ಬೆಳದೈತಿ! ನಾನೂ ಕೆಳಗ ನಿಮ್ಮ ಮೀಟರ್ ನೋಡಕೊಂಡ ಬರ್ತೀನ್ರಿ. ಕೆಂಪ ದೀಪ ಮಿಣಕೂದು ನೋಡಿದ್ರ ನಿಮ್ಮ ನಾಡಿ ಹಿಡದಂಗ. ಹಗಲೆಲ್ಲಾ ಸತ್ತಂಗ ಇರ್ತೀರಿ, ಶನಿವಾರ ಸಂಜೀಕ ಕುಣದಾಡತೀರಿ."

ವೈನಿ ನಗಲಿಲ್ಲ. "ಸಂಜೀಕ ಕರೆಂಟ್ ತುಟ್ಟಿ ಏನ್ರಿ ಭಾವುಜಿ?"

"ತುಟ್ಟೀನ ಅನ್ರಿ. ಹಗಲ ಆದ್ರ ಸೂಟ್ ಕೊಡ್ತಾರ," ಎಂದೆ. ಮರಾಠಿಯ ಸೂಟ್, ಅಂದರೆ ರಿಯಾಯಿತಿ. ಇಷ್ಟಕ್ಕೆ ನಿಲ್ಲಿಸಬಹುದಿತ್ತು. ನೂರು ಯೂನಿಟ್ಟಿನ ಗೆರೆ, ಅದರಾಚೆಯ ದುಪ್ಪಟ್ಟು, ಎಲ್ಲವನ್ನೂ ವಿವರಿಸಿದೆ. ಕೇಳುವವರು ಎದುರಿಗಿದ್ದಾಗ ನನಗೆ ನಿಲ್ಲಿಸುವುದು ಗೊತ್ತಾಗುವುದಿಲ್ಲ.

ಮುಂದಿನ ಶನಿವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದು. ವೈನಿ ಡಬ್ಬಿ ಹಿಡಿದು ಹೊರಗೇ ನಿಂತಿದ್ದರು.

"ಹಗಲ ಬೀಸಿ ಇಡ್ರಿ ಭಾವುಜಿ. ಸಂಜೀಕ ಬಂದ್ ಒಯ್ತೀವಿ. ನಿಮಗ್ಯಾಕ ಸುಮ್ನ ತ್ರಾಸ."

"ತ್ರಾಸೇನ ಬಂತ್ರಿ, ಒಳಗ ಬರ್ರಿ."

"ಒಲಿ ಮ್ಯಾಲ ಬ್ಯಾಳಿ ಇಟ್ಟೀನ್ರಿ," ಎಂದು ಇಳಿದೇಬಿಟ್ಟರು.

ಮಧ್ಯಾಹ್ನ ಒಬ್ಬನೇ ಬೀಸಿದೆ. ಗಿರಣಿಯ ಸದ್ದಿನ ಮೇಲೆ ದನಿ ಏರಿಸಲು ಯಾರೂ ಇಲ್ಲದಿದ್ದರೆ ಆ ಸದ್ದು ಎಷ್ಟು ದೊಡ್ಡದು ಎಂದು ಅವತ್ತು ತಿಳಿಯಿತು. ಸಂಜೆ ಯಜಮಾನರು ಬಾಗಿಲಲ್ಲೇ ಡಬ್ಬಿ ಇಸಿದುಕೊಂಡರು. "ಇವತ್ತ ನಾಡಿ ಭಾಳ ಶಾಂತ ಅದ ನಿಮ್ದು," ಎಂದರು. ಹಿಡಿ ಹಿಟ್ಟು ಬಿಡುವ ರೂಢಿಯನ್ನು ಮರೆಯಲಿಲ್ಲ. ಆದರೆ ಅದು ವಾರದಿಂದ ವಾರಕ್ಕೆ ಬೆಳೆಯತೊಡಗಿತು. ಹಿಡಿ ಇದ್ದದ್ದು ಬೊಗಸೆಯಾಯಿತು, ಬೊಗಸೆ ಬಟ್ಟಲಾಯಿತು. ಬಟ್ಟಲನ್ನು ನೋಡಿದ ದಿನ ನನಗೆ ಅರ್ಥವಾಯಿತು: ವೈನಿ ನನ್ನ ಕರೆಂಟಿನ ಹಂಗು ತೀರಿಸುತ್ತಿದ್ದಾರೆ. ಅಷ್ಟು ಹಿಟ್ಟು ಒಬ್ಬನಿಗೆ ತಿಂದು ಮುಗಿಯುವುದಿಲ್ಲ. ಹಳತಾಗಿ ಜಿಗಿ ಹೋಗಿ, ರೊಟ್ಟಿ ತಟ್ಟುವಾಗಲೇ ಸೀಳುತ್ತಿತ್ತು.

ಆಮೇಲೆ ಬಿಲ್ಲು ಬಂತು. ಹಗಲಿನ ರಿಯಾಯಿತಿಯ ಸಾಲನ್ನು ಹುಡುಕಿದೆ. ಇತ್ತು. ಆದರೂ ಒಟ್ಟು ಯೂನಿಟ್ ನೂರನ್ನು ದಾಟಿತ್ತು. ಹಗಲು ಬೀಸಿದ್ದೇನೆ, ಮತ್ತೆ ಹೇಗೆ ದಾಟಿತು ಎಂದು ಕೂತೆ. ಅಷ್ಟರಲ್ಲಿ ಬೆಂಗಳೂರಿನ ಹುಡುಗಿ ಇಳಿದು ಬಂದಳು. ಅವಳ ತೆರಿಗೆ ರಿಟರ್ನ್ ಮಾಡಿಕೊಡುವವನು ನಾನೇ. ಕಾಗದ ಕೊಡಲು ಬಂದವಳಿಗೆ ಬಿಲ್ಲು ತೋರಿಸಿದೆ.

"ಅಂಕಲ್, ಹಗಲು ಯೂಸ್ ಮಾಡಿದ್ರೆ ಯೂನಿಟ್ ಕಮ್ಮಿ ಆಗಲ್ಲ, ರೇಟಲ್ಲಿ ಸ್ವಲ್ಪ ಕಮ್ಮಿ ಅಷ್ಟೆ. ಸ್ಲ್ಯಾಬಿಗೆ ಇಡೀ ತಿಂಗಳದ್ದು ಒಟ್ಟು ಲೆಕ್ಕ, ಯಾವ ಟೈಮಲ್ಲಿ ಅಂತ ನೋಡಲ್ಲ."

"ನೂರು ದಾಟಿದರೆ ಎಲ್ಲಾ ಯೂನಿಟ್ಟಿಗೂ ದುಪ್ಪಟ್ಟಲ್ಲವೇನಮ್ಮ?"

ಅವಳು ನನ್ನನ್ನೇ ನೋಡಿದಳು. "ಮೊದಲ ನೂರಕ್ಕೆ ಮೊದಲಿನ ರೇಟೇ. ದಾಟಿದ್ದಕ್ಕೆ ಮಾತ್ರ ಜಾಸ್ತಿ. ಇನ್‌ಕಮ್ ಟ್ಯಾಕ್ಸ್ ಸ್ಲ್ಯಾಬ್ ಥರಾನೇ! ಪ್ರತಿ ವರ್ಷ ನನಗೆ ನೀವೇ ತಾನೇ ಹೇಳೋದು?"

ಹೌದು, ನಾನೇ. ವರ್ಷವಿಡೀ ಊರ ಮಂದಿಗೆ ಅದನ್ನೇ ಹೇಳಿ ಹೊಟ್ಟೆ ಹೊರೆಯುವವನು.

"ಸಂಜೆ ಎಕ್ಸ್ಟ್ರಾ ಇದೆಯೇ?"

"ಮನೆಗಳಿಗೆ ಇಲ್ಲ ಅಂಕಲ್. ಸಂಜೆ ನಾರ್ಮಲ್ ರೇಟು. ಹಗಲಿಗೆ ಡಿಸ್ಕೌಂಟ್, ಅಷ್ಟೆ. ಯೂನಿಟ್ಟಿಗೆ ಹೆಚ್ಚೆಂದ್ರೆ ಒಂದು ರೂಪಾಯಿ." ಆಮೇಲೆ ಕೇಳಿದಳು, "ಈಗ ಶನಿವಾರ ಗಿರಣಿ ಇಲ್ವಾ? ರಾಗಿ ತರೋಣ ಅಂತ ಎರಡು ಸಲ ಬಂದೆ. ಮನೆಯಲ್ಲಿ ಸದ್ದೇ ಇರಲಿಲ್ಲ, ವಾಪಸ್ ಹೋದೆ."

ಶನಿವಾರದ ಜೋಳಕ್ಕೆ ತಿಂಗಳಲ್ಲಿ ಹತ್ತು ಯೂನಿಟ್ ತಗಲಿದರೆ ಹೆಚ್ಚು. ಅದನ್ನು ಹಗಲಿಗೆ ತಳ್ಳಿ ನಾನು ಉಳಿಸಿದ್ದು ಲೋಣಾವಳಾದ ಚಿಕ್ಕಿಯ ಒಂದು ತುಂಡಿನ ಬೆಲೆ. ಸ್ಥಿರ ಶುಲ್ಕ ಹೇಗೂ ಇದ್ದಷ್ಟೇ. ಮನೆ ತುಂಬಿದ್ದರೂ, ಖಾಲಿ ಇದ್ದರೂ.

ತಡಮಾಡದೆ ಕೆಳಗಿಳಿದೆ. ಇದನ್ನು ವೈನಿಗೆ ಹೇಳಿ ಶನಿವಾರವನ್ನು ವಾಪಸು ತರಬೇಕು, ಅಷ್ಟೇ ಉದ್ದೇಶ. ಆದರೆ ಹೇಳಲು ಹೊರಟಾಗ ಬಾಯಲ್ಲಿ ಬಂದದ್ದು ಮತ್ತೆ ಸ್ಲ್ಯಾಬೇ. ಮೊದಲ ನೂರು, ಆಮೇಲಿನದು, ಹಗಲಿನ ಸೂಟ್. ವೈನಿ ತಾಳ್ಮೆಯಿಂದ ಕೇಳಿದರು. ಯಜಮಾನರು ಟಿ.ವಿ.ಯ ದನಿ ತಗ್ಗಿಸಿದರು.

"ಇಷ್ಟು ಹೇಳಾಕ ಮೆಟ್ಲ ಇಳದ್ ಬಂದ್ರೇನು? ಫೋನ್ ಮಾಡಿದ್ರ ನಡೀತಿತ್ತಲ್ರಿ."

"ಹಂಗಲ್ರಿ. ಸಂಜೀಕ ಬೀಸಿದ್ರೂ ನಡೀತದ ಅಂತ ಹೇಳಾಕ ಬಂದೆ."

ವೈನಿ ಚಹಾಕ್ಕೆ ನೀರಿಟ್ಟರು. "ಈ ವಾರ ಕೆಳಗ ಓಣ್ಯಾಗಿನ ಗಿರಣಿಗೆ ಹಾಕಿಸಿದೆವ್ರಿ ಭಾವುಜಿ. ದೊಡ್ಡ ಡಬ್ಬಿ ತುಂಬ್ಯಾದ. ನಿಮಗ ಎಷ್ಟಂತ ತೊಂದ್ರಿ ಕೊಡೂದು?"

"ತೊಂದ್ರಿ ಇಲ್ರಿ."

"ಇರ್ಲಿ, ಹಿಟ್ಟ ಮುಗೀಲಿ. ಆಮ್ಯಾಲ ನೋಡೂಣು." ಚಹಾ ಕೊಟ್ಟರು. ಕುಡಿದೆ. ಬಂದು ಬಾಗಿಲು ಹಾಕಿ, ಅಭ್ಯಾಸದಂತೆ ಜಗ್ಗಿ ನೋಡಿದೆ.

ಶನಿವಾರ ಬಂತು. ಬೀಸಲು ನನ್ನಲ್ಲಿ ಜೋಳವೂ ಇರಲಿಲ್ಲ. ವೈನಿಯ ಬಟ್ಟಲುಗಳೇ ಇನ್ನೂ ಮುಗಿದಿರಲಿಲ್ಲ. ಬೆಳಿಗ್ಗೆ ಹೋಗಿ ಬೇಕಿಲ್ಲದಿದ್ದರೂ ಜೋಳವನ್ನು ಕೊಂಡು ತಂದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಗಿರಣಿಗೆ ಸುರಿದು, ಮುಂಬಾಗಿಲನ್ನು ಪೂರ್ತಿ ತೆರೆದಿಟ್ಟು, ಸ್ವಿಚ್ ಒತ್ತಿದೆ. ಗರಗರ ಎಂಬ ಸದ್ದು ಮೆಟ್ಟಿಲ ಮೇಲೂ ಕೆಳಗೂ ಹರಿಯಿತು. ಎರಡು ಕುರ್ಚಿ ಎಳೆದಿಟ್ಟೆ. ಆ್ಯಪ್ ತೆಗೆಯಲಿಲ್ಲ.

ಜೋಳ ಅರ್ಧ ಇಳಿದಿತ್ತು. ಯಾರೂ ಬರಲಿಲ್ಲ. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಅದು ಮೇಲಿನ ಮಹಡಿಗೆ ಹೋಯಿತು. ಗಿರಣಿ ಇನ್ನೇನು ಖಾಲಿಯಾಗುತ್ತದೆ ಎನ್ನುವಾಗ ಬಾಗಿಲಲ್ಲಿ ಯಜಮಾನರು. ಕೈಯಲ್ಲಿ ಡಬ್ಬಿ ಇಲ್ಲ.

"ಹಾಲ ತರಾಕ ಹೋಗಿದ್ದೆ. ಕೆಳಗ ನಿಮ್ಮ ಮೀಟರ್ ಭಾಳ ಜೋರ ಮಿಣಕತಿತ್ತು. ಏನ ಆತಪಾ ಇವ್ರಿಗೆ ಅಂತ ಬಂದೆ." ಒಂದು ಕುರ್ಚಿಯಲ್ಲಿ ಕೂತರು. "ಯಾರ ಜೋಳ ಇದು?"

"ನಂದ ರೀ."

ಅವರು ಗಿರಣಿಯನ್ನು ನೋಡಿದರು, ತೆರೆದ ಬಾಗಿಲನ್ನು ನೋಡಿದರು, ಖಾಲಿ ಕುರ್ಚಿಯನ್ನು ನೋಡಿದರು.

"ವೈನಿ?" ಎಂದೆ.

"ಆಕಿ ಬರೂದಿಲ್ಲ ಇವತ್ತ. ಹಿಟ್ಟ ಇನ್ನೂ ಅದಲ್ಲ ಮನ್ಯಾಗ," ಎಂದರು ದನಿ ಏರಿಸಿ.

ಜೋಳ ಮುಗಿದು ಗಿರಣಿ ತಾನೇ ನಿಂತಿತು. ಹಾಲಿನ ಚೀಲ ಕೈಯಲ್ಲೇ ಇದೆ ಎಂದು ಅವರಿಗೆ ನೆನಪಾಗಿರಬೇಕು, ಎದ್ದರು. ನಾನು ಬಿಸಿ ಹಿಟ್ಟನ್ನು ಹಿಡಿಯಲ್ಲಿ ಎತ್ತಿ ಕಾಗದದಲ್ಲಿ ಕಟ್ಟಿ ಕೊಟ್ಟೆ. ಈ ಸಲ ನನ್ನ ಕಡೆಯಿಂದ. ಅವರು ಬೇಡವೆನ್ನಲಿಲ್ಲ.

ಅವರ ಹೆಜ್ಜೆ ಕೆಳಗಿನ ಮಹಡಿಗೆ ಮುಟ್ಟಿ, ಅವರ ಮನೆಯ ಬಾಗಿಲು ಮುಚ್ಚುವವರೆಗೆ ಕೇಳುತ್ತ ನಿಂತಿದ್ದೆ. ಆಮೇಲೆ ಕುರ್ಚಿಗಳನ್ನು ಒಳಗಿಡಲು ಹೋದವನು ಅಲ್ಲೇ ಬಿಟ್ಟುಬಿಟ್ಟೆ. ವೈನಿಯ ದೊಡ್ಡ ಡಬ್ಬಿ ಎಷ್ಟು ದಿನಕ್ಕೆ ಮುಗಿಯುತ್ತದೋ ಲೆಕ್ಕ ಹಾಕುವುದು ನನ್ನಂಥವನಿಗೂ ಆಗಲಿಲ್ಲ.