ಮಧ್ಯಾಹ್ನದವರೆಗಿನ ಹಳದಿ ಅಂಕಿ

ನಾನು ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಖಾಸಗಿ ಡೇರಿಯಲ್ಲಿ ಹಾಲಿನ ಪರೀಕ್ಷೆ ಮಾಡುವವಳಾಗಿದ್ದೆ. ನನ್ನ ಬಾಯಿ ಸ್ವಲ್ಪ ಜೋರು ಅಂತ ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ಬಾಯಿಂದ ಒಬ್ಬ ಮನುಷ್ಯನ ಕೆಲಸ ಉಳಿಸುವುದಕ್ಕೆ ಆಗಲಿಲ್ಲ ಅನ್ನುವುದು ಇವತ್ತಿಗೂ ನನ್ನ ಹೊಟ್ಟೆ ಉರಿಸುತ್ತದೆ.

ಆ ಮನುಷ್ಯ ನಮ್ಮ ತಿ. ನರಸೀಪುರದ ಶೀತಲ ಕೇಂದ್ರವನ್ನು ನೋಡಿಕೊಳ್ಳುತ್ತಿದ್ದವರು. ಸುತ್ತಲಿನ ಹಳ್ಳಿಗಳ ಹಾಲು ಅಲ್ಲಿಗೆ ಬಂದು, ತಣ್ಣಗಾಗಿ, ಟ್ಯಾಂಕರಿನಲ್ಲಿ ನಂಜನಗೂಡಿಗೆ ಬರುತ್ತಿತ್ತು. ನನಗಿಂತ ಹದಿನೈದು ವರ್ಷ ದೊಡ್ಡವರು, ನಾನು ಅಣ್ಣ ಅನ್ನುತ್ತಿದ್ದೆ. ಅವರು ನನ್ನನ್ನು ಮೇಡಮ್ಮ ಅನ್ನುತ್ತಿದ್ದರು. ಕೇಂದ್ರ ಶುರುವಾದಾಗಿನಿಂದ ಗುತ್ತಿಗೆಯ ಮೇಲೇ ಇದ್ದರು. ಆ ವರ್ಷ ಕೆಲವರನ್ನು ಕಾಯಂ ಮಾಡುತ್ತಾರೆ, ಅದರಲ್ಲಿ ಅವರೂ ಇದ್ದಾರೆ ಅಂತ ಸುದ್ದಿ ಇತ್ತು. ಫೋನ್ ಮಾಡಿದಾಗಲೆಲ್ಲ, 'ನಮ್ದೇನಾದ್ರೂ ಗೊತ್ತಾಯ್ತಾ ಮೇಡಮ್ಮ?' ಅಂತ ಕೇಳದೆ ಇಡುತ್ತಿರಲಿಲ್ಲ.

ಆ ಹೊತ್ತಿಗೆ ಡೇರಿಗೆ ಡ್ಯಾಶ್‌ಬೋರ್ಡ್ ಬಂದು ಎರಡು ವರ್ಷವಾಗಿತ್ತು. ಅದು ಕಂಪ್ಯೂಟರ್ ಪರದೆಯ ಮೇಲಿನ ಒಂದು ಪುಟ. ಯಾವ ಕೇಂದ್ರ ಎಷ್ಟು ಹಾಲು ಕಳಿಸಿತು, ನಮ್ಮಲ್ಲಿ ಎಷ್ಟು ಇಳಿಯಿತು, ಎಷ್ಟು ಕಡಿಮೆ ಬಂತು ಎಲ್ಲವೂ ಅದರಲ್ಲಿ ಸಾಲಾಗಿ ಕಾಣುತ್ತಿತ್ತು. ದಿನದ ಲೆಕ್ಕವೆಲ್ಲ ನಡುರಾತ್ರಿ ತಾನಾಗಿ ಅದಕ್ಕೆ ತುಂಬಿಕೊಳ್ಳುತ್ತಿತ್ತು. ಬೆಳಿಗ್ಗೆ ಬಂದು ನೋಡಿದರೆ ಅದೇ ಕೊನೆಯ ಮಾತು.

ಆಮೇಲೆ ನರಸೀಪುರದ ಸಂಜೆ ಹಾಲು ಹೆಚ್ಚಾಯಿತು. ಟ್ಯಾಂಕರು ಅಲ್ಲಿಂದ ತಡವಾಗಿ ಹೊರಟು ನಡುರಾತ್ರಿ ದಾಟಿದ ಮೇಲೆ ನಮ್ಮಲ್ಲಿಗೆ ಬರತೊಡಗಿತು. ಇವತ್ತು ಕಳಿಸಿದ ಹಾಲು ನಾಳೆಯ ಲೆಕ್ಕಕ್ಕೆ ಸೇರಿ ಪುಟವೆಲ್ಲ ಗೋಜಲಾಯಿತು. ಅದಕ್ಕೇ ನಮ್ಮ ಕಂಪ್ಯೂಟರ್ ವಿಭಾಗದ ಹುಡುಗ ಒಂದು ನೋಟೀಸು ಕಳಿಸಿದ. ಡ್ಯಾಶ್‌ಬೋರ್ಡ್ ಬಳಸುವವರೆಲ್ಲರಿಗೂ ಇ-ಮೇಲ್‌ನಲ್ಲಿ, ಇಂಗ್ಲಿಷಿನಲ್ಲಿ. ಸೋಮವಾರದಿಂದ ಲೆಕ್ಕ ತುಂಬಿಕೊಳ್ಳುವುದು ನಡುರಾತ್ರಿ ಅಲ್ಲ, ಬೆಳಗಿನ ಜಾವ ಐದಕ್ಕೆ. ಪರೀಕ್ಷೆ ಮುಗಿಯದ ಹಾಲು ಆಗ ಅದರಲ್ಲಿ ಸೇರಿರುವುದಿಲ್ಲ. ಮಧ್ಯಾಹ್ನ ಹನ್ನೆರಡೂವರೆಗೆ ಮತ್ತೊಮ್ಮೆ ತುಂಬಿಕೊಳ್ಳುತ್ತದೆ, ಆಗಷ್ಟೇ ಅಂಕಿ ಅಂತಿಮ. ಅಲ್ಲಿಯವರೆಗೆ ತಾತ್ಕಾಲಿಕ ಅಂಕಿಗಳ ಹಿಂದೆ ಹಳದಿ ಬಣ್ಣ ಇರುತ್ತದೆ.

ನೋಟೀಸಿನಲ್ಲಿ ಒಂದು ತಪ್ಪೂ ಇರಲಿಲ್ಲ, ಅದನ್ನು ಹೇಳಲೇಬೇಕು. ಆದರೆ ಅದು ಹೋಗಿದ್ದು ಪರದೆ ನೋಡುವವರಿಗೆ ಮಾತ್ರ. ಪರದೆಯ ಮೇಲೆ ಯಾರ ಅಂಕಿ ಕಾಣುತ್ತದೋ ಅವರಿಗೆ ಹೋಗಲಿಲ್ಲ. ನರಸೀಪುರದ ಕೇಂದ್ರದಲ್ಲಿ ಕಂಪ್ಯೂಟರೇ ಇರಲಿಲ್ಲ. ಅಣ್ಣನವರಿಗೆ ಡ್ಯಾಶ್‌ಬೋರ್ಡ್ ಅಂದರೆ ಟ್ಯಾಂಕರಿನ ಸ್ಟೇರಿಂಗ್ ಮುಂದೆ ಇರೋದು ಅಷ್ಟೇ.

ಇನ್ನು ನಮ್ಮ ಮ್ಯಾನೇಜರು. ಅವರ ಇ-ಮೇಲ್ ತೆಗೆದು ಓದುತ್ತಿದ್ದವಳು ಅವರ ಆಫೀಸಿನ ಸಹಾಯಕಿ. ಅವರು ಎಂಟಕ್ಕೆ ಬರುವಷ್ಟರಲ್ಲಿ ಡ್ಯಾಶ್‌ಬೋರ್ಡಿನ ಪುಟವನ್ನು ಪ್ರಿಂಟ್ ತೆಗೆದು, ಕಾಫಿ ಲೋಟದ ಪಕ್ಕ ಇಡುವುದು ಅವಳ ಕೆಲಸ. ಎರಡು ವರ್ಷದಿಂದ ನಡೆದುಬಂದ ಪದ್ಧತಿ. ಅವಳು ನೋಟೀಸನ್ನು ತೆಗೆದಳು, 'ಟೈಮ್ ಬದಲಾವಣೆ, ಸಾರ್‌ಗೆ ಇದೇನು ಬೇಕು' ಅಂದುಕೊಂಡು ಬಿಟ್ಟಳು. ಎಂಟು ಗಂಟೆಯ ಪ್ರಿಂಟು ಮಾತ್ರ ನಿಲ್ಲಲಿಲ್ಲ. ನಮ್ಮ ಪ್ರಿಂಟರಿಗೆ ಇದ್ದದ್ದು ಕಪ್ಪು ಇಂಕು ಒಂದೇ. ಹಳದಿ ಅನ್ನುವುದು ಆ ಕಾಗದದ ಮೇಲೆ ಬರಲೇ ಇಲ್ಲ.

ಅದಾದ ವಾರದೊಳಗೇ ಆ ದಿನ ಬಂತು. ನರಸೀಪುರದ ಟ್ಯಾಂಕರಿಗೆ ಮುಂದೊಂದು ಹಿಂದೊಂದು ಎರಡು ಖಾನೆ. ಹಸುಗಳಿಗೆ ಕೊಟ್ಟ ಇಂಜೆಕ್ಷನ್ನಿನ ಅಂಶ ಹಾಲಿನಲ್ಲಿದೆಯೇ ಅಂತ ನಾವು ಒಂದು ಪರೀಕ್ಷೆ ಮಾಡುತ್ತೇವೆ. ರಾತ್ರಿ ಪಾಳಿಯವನಿಗೆ ಹಿಂದಿನ ಖಾನೆಯ ಹಾಲಿನ ಮೇಲೆ ಅನುಮಾನ ಬಂದಿತ್ತು. ಮುಂದಿನದನ್ನು ಇಳಿಸಿಕೊಂಡು, ಹಿಂದಿನದನ್ನು ಹಾಗೇ ಬಿಟ್ಟು, 'ಮರುಪರೀಕ್ಷೆ ನೀವೇ ಮಾಡಿ ಮೇಡಂ' ಅಂತ ನನಗೆ ಹೇಳಿ ಹೋದ. ಮಾಡಿದ್ದು ಸರಿಯೇ. ಟ್ಯಾಂಕರು ಹಿಂದಿನ ಅಂಗಳದಲ್ಲಿ ಬೇವಿನ ಮರದ ಕೆಳಗೆ ನಿಂತಿತ್ತು. ಪೂರ್ತಿ ಬರಿದಾಗದೆ ಖಾಲಿ ವಾಹನದ ತೂಕ ಸಿಗುವುದಿಲ್ಲ, ಅದಿಲ್ಲದೆ ಹಾಲಿನ ಒಟ್ಟು ತೂಕವೂ ಇಲ್ಲ. ಹಾಗಾಗಿ ಕಂಪ್ಯೂಟರಿಗೆ ಗೊತ್ತಿದ್ದದ್ದು ಇಷ್ಟೇ: ನರಸೀಪುರ ಕಳಿಸಿದ್ದು ಎರಡು ಖಾನೆ, ಪಾಸಾಗಿ ಇಳಿದದ್ದು ಒಂದು. ಉಳಿದ ಅರ್ಧ ಹಾಲು 'ಕೊರತೆ' ಅನ್ನುವ ಸಾಲಿಗೆ ಹೋಗಿ ಕೂತಿತು.

ನಾನು ಒಂಬತ್ತಕ್ಕೆ ಬಂದು ಪರೀಕ್ಷೆಗೆ ಇಟ್ಟೆ. ಅದಕ್ಕೆ ಮೂರು ಗಂಟೆ ಬೇಕು, ತಲೆಕೆಳಗಾಗಿ ನಿಂತರೂ ಬೇಗ ಆಗುವುದಿಲ್ಲ. ಕೈ ತೊಳೆದುಕೊಳ್ಳುತ್ತಿರುವಾಗ ಕಿಟಕಿಯ ಆಚೆ ಅಣ್ಣನವರು ಕಂಡರು. ಇಸ್ತ್ರಿ ಮಾಡಿದ ಬಿಳೀ ಶರ್ಟು, ಹಣೆಯ ಮೇಲೆ ವಿಭೂತಿ.

'ಇದೇನಣ್ಣ, ಮದುವೆಗೆ ಹೊರಟ ಹಾಗಿದೆ?' ಅಂದೆ.

'ಸಾಹೇಬ್ರು ಫೋನ್ ಮಾಡ್ಸಿದ್ರು ಕಣ್ ಮೇಡಮ್ಮ, ತಕ್ಷಣ ಬಾ ಅಂತ. ಅದೇಯ ಇರ್ಬೇಕು. ನಮ್ಮನೆಯವ್ಳು ಹೊಸ ಸರ್ಟೇ ಆಕ್ಕೊಂಡೋಗು ಅಂದ್ಲು.' ಬಸ್ಸಿನ ಧೂಳು ಒರೆಸಿಕೊಳ್ಳುತ್ತಾ ನಕ್ಕರು.

'ಬರುವಾಗ ಸಿಹಿ ಇಲ್ಲದೆ ಬಂದರೆ ಒಳಗೆ ಬಿಡಲ್ಲ ನೋಡಿ.'

'ಅಯ್ಯೋ, ತರ್ದೆ ಇದ್ದೀನಾ' ಅಂದು ಹೋದರು.

ನಾನು ನನ್ನ ಕೆಲಸಕ್ಕೆ ತಿರುಗಿದೆ. ಸ್ವಲ್ಪ ಹೊತ್ತಿನ ಮೇಲೆ ಅವರು ಗೇಟಿನ ಕಡೆ ಹೋಗುತ್ತಿದ್ದದ್ದು ಕಂಡಿತು. ಕರೆದೆ, ತಿರುಗಿ ನೋಡಲಿಲ್ಲ. ಬಸ್ಸಿಗೆ ಹೊತ್ತಾಯಿತೇನೋ ಅಂದುಕೊಂಡೆ. ಹನ್ನೆರಡರ ಹೊತ್ತಿಗೆ ಹಾಲು ಚೊಕ್ಕವಾಗಿದೆ ಅಂತ ಗೊತ್ತಾಯಿತು. ನಾನು ಪಾಸು ಮಾಡಿದೆ, ಇಳಿಸಿದರು, ತೂಗಿದರು. ಹನ್ನೆರಡೂವರೆಗೆ ಪರದೆಯ ಮೇಲೆ ನರಸೀಪುರದ ಕೊರತೆ ಸೊನ್ನೆ ಆಯಿತು. ಹಳದಿ ಹೋಯಿತು.

ಊಟದ ಡಬ್ಬಿ ಬಿಚ್ಚುತ್ತಿರುವಾಗ ಸಹಾಯಕಿ ಬಂದು ಕೂತಳು. 'ಮೇಡಂ, ನರಸೀಪುರದವರು ಅರ್ಧ ಟ್ಯಾಂಕರ್ ಹಾಲು ಮಾರ್ಕೊಂಡ್ರಂತೆ. ಸಾರ್ ಒಳಗೆ ಕೂಗಾಡಿದ್ರು. ಪೊಲೀಸ್ ಕಂಪ್ಲೇಂಟ್ ಬೇಕಾ, ರಾಜೀನಾಮೆ ಬೇಕಾ ಅಂದ್ರು. ಎರಡೂ ಖಾನೆ ಸೀಲ್ ಹಾಕಿ ಕಳಿಸಿದೀನಿ ಸಾ, ಡ್ರೈವರನ್ನ ಕೇಳಿ ಸಾ ಅಂತ ಕಾಲಿಗೆ ಬಿದ್ರು. ಡ್ರೈವರೂ ನೀನೂ ಒಂದೇ ಅಂದ್ಬಿಟ್ರು. ಕೊನೆಗೆ ಬರೆದು ಕೊಟ್ಟು ಹೋದ್ರು.'

ಯಾವ ಹಾಲು, ಯಾರು ಮಾರಿದ್ದು? ಆ ಹಾಲು ಅಣ್ಣನವರು ಕಾಲಿಗೆ ಬೀಳುತ್ತಿದ್ದಾಗ ಅದೇ ಕೋಣೆಯ ಗೋಡೆಯ ಆಚೆ ಬೇವಿನ ಮರದ ಕೆಳಗೆ ನಿಂತಿತ್ತು! ಡ್ರೈವರು ಅದರ ಕ್ಯಾಬಿನ್ನಿನಲ್ಲೇ ಗೊರಕೆ ಹೊಡೆಯುತ್ತಿದ್ದ. ಮ್ಯಾನೇಜರು ಎದ್ದು ಹತ್ತು ಹೆಜ್ಜೆ ನಡೆದು ನೋಡಿದ್ದರೆ ಸಾಕಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಗಾದೆ ಕೇಳಿ ನಗುತ್ತಿದ್ದೆ, ಅವತ್ತು ನಗು ಬರಲಿಲ್ಲ.

ಡಬ್ಬಿ ಅಲ್ಲೇ ಬಿಟ್ಟು ಮ್ಯಾನೇಜರ ಕೋಣೆಗೆ ನುಗ್ಗಿದೆ. ಕಂಪ್ಯೂಟರ್ ಹುಡುಗನನ್ನೂ ಎಳೆದುಕೊಂಡು ಹೋದೆ. ಪರದೆ ತೋರಿಸಿದೆ. ಅವರು ಬೆಳಗಿನ ಕಾಗದವನ್ನೂ ಪರದೆಯನ್ನೂ ಬಹಳ ಹೊತ್ತು ನೋಡಿದರು.

'ಇದು ಬದಲಾಗುತ್ತೆ ಅಂತ ನನಗೆ ಯಾರು ಹೇಳಿದ್ರು?'

'ಮೇಲ್ ಕಳಿಸಿದೀನಿ ಸಾರ್. ತಮ್ಮ ಕಡೆಯಿಂದ ಓಪನ್ ಆಗಿದೆ ಅಂತಾನೂ ಬಂದಿದೆ' ಅಂದ ಹುಡುಗ. ಅವನ ತಪ್ಪೇನಿತ್ತು ಪಾಪ.

'ಸಾರ್, ಆಗಿದ್ದು ಆಗಿಹೋಯ್ತು. ಈಗಲೇ ಫೋನ್ ಮಾಡಿ ವಾಪಸ್ ಕರೀರಿ' ಅಂದೆ.

ಅವರು ಕಾಗದವನ್ನು ನಾಲ್ಕಾಗಿ ಹರಿದು ಬುಟ್ಟಿಗೆ ಹಾಕಿದರು. 'ಹೆಡ್ ಆಫೀಸಿಗೆ ಬೆಳಿಗ್ಗೆಯೇ ಹೇಳಿಯಾಗಿದೆ ಕಣಮ್ಮ, ಕಳ್ಳನ್ನ ಹಿಡಿದು ತೆಗೆದೆ ಅಂತ. ಈಗ ತಪ್ಪಾಯ್ತು ಅಂದ್ರೆ ನಾಳೆ ನನ್ನ ಮಾತಿಗೆ ಬೆಲೆ ಇರುತ್ತಾ? ಅವನೇ ಸ್ವಂತ ಇಚ್ಛೆಯಿಂದ ರಾಜೀನಾಮೆ ಕೊಟ್ಟಿದ್ದಾನೆ. ಗುತ್ತಿಗೆ ಆಳು, ಬೇರೆ ಕಡೆ ಸಿಗುತ್ತೆ ಬಿಡು.'

'ಸ್ವಂತ ಇಚ್ಛೆ? ನಾಚಿಕೆ ಆಗಲ್ವಾ ಸಾರ್ ನಿಮಗೆ?' ಅಂತ ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ತಿರುಗಿ ಬೈಯಲಿಲ್ಲ. ನನಗೆ ನಿಜವಾಗಿ ಭಯವಾದದ್ದು ಅದಕ್ಕೆ. ಬೈದಿದ್ದರೆ ಎಲ್ಲೋ ಒಂದು ಕಡೆ ನೋಯುತ್ತಿದೆ ಅಂದುಕೊಳ್ಳಬಹುದಿತ್ತು. ಅವರು ಸುಮ್ಮನೆ ಫ್ಯಾನಿನ ವೇಗ ಹೆಚ್ಚಿಸಿ ಬೇರೆ ಫೈಲು ತೆಗೆದುಕೊಂಡರು.

ಮುಂದಿನ ವಾರ ಎರಡನೆಯ ನೋಟೀಸು ಬಂತು. ಮಧ್ಯಾಹ್ನ ಅಂಕಿ ಅಂತಿಮವಾಗುವವರೆಗೆ ಯಾರೂ ಪ್ರಿಂಟ್ ತೆಗೆಯುವಂತಿಲ್ಲ, ಅದನ್ನು ನೋಡಿ ನಡೆಸುತ್ತಿದ್ದ ಬೆಳಗಿನ ಸಭೆ ಇನ್ನು ಮೇಲೆ ಮಧ್ಯಾಹ್ನ ಮೂರು ಗಂಟೆಗೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು. ಯಾಕೆ ಹಾಕಿದರು ಅಂತ ಅದರಲ್ಲಿ ಒಂದು ಅಕ್ಷರವೂ ಇರಲಿಲ್ಲ.

ಅಣ್ಣನವರು ಮತ್ತೆ ಬಂದದ್ದು ಮಳೆಗಾಲ ಮುಗಿದ ಮೇಲೆ. ಡೇರಿಗೆ ಅಲ್ಲ, ಗೇಟಿನಲ್ಲಿ ಬಿಡುತ್ತಿರಲಿಲ್ಲ. ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ನನಗಾಗಿ ಕಾಯುತ್ತಿದ್ದರು. ಗಡ್ಡ ಬೆಳೆದು ಮೊದಲಿಗೆ ಗುರುತೇ ಸಿಗಲಿಲ್ಲ. ಅಂಕಿ ಮಧ್ಯಾಹ್ನ ಸರಿಯಾದದ್ದನ್ನು ನಾನು ಅವತ್ತೇ ಫೋನಿನಲ್ಲಿ ಹೇಳಿದ್ದೆ. ಊರಲ್ಲಿ ಎಲ್ಲರಿಗೂ ಸುದ್ದಿ ಹೋಗಿತ್ತು. ಹೆಂಡತಿ ಹಳ್ಳಿಯ ಡೇರಿಗೆ ಹಾಲು ಹಾಕಲು ಹೋದರೆ, 'ಇವ್ರದ್ದನ್ನ ಎಲ್ಡು ಸಲ ಅಳೀರಪ್ಪೋ' ಅಂತ ಹಿಂದಿನಿಂದ ನಗುತ್ತಿದ್ದರಂತೆ. ಆಕೆ ಹಾಲು ಹಾಕುವುದನ್ನೇ ಬಿಟ್ಟು, ಹಸು ಮಾರಿಬಿಟ್ಟಿದ್ದರು.

'ನಂಗೆ ಕೆಲ್ಸ ಬ್ಯಾಡ ಮೇಡಮ್ಮ' ಅಂದರು. 'ಅವತ್ತಿನ ಆ ಕಂಪೂಟ್ರು ಕಾಗ್ದ ಒಂದ್ ಕೊಡ್ಸಿ. ಬೆಳಗ್ಗೆ ಕಮ್ಮಿ ಅಂತ ತೋರುಸ್ತು, ಆಮ್ಯಾಕೆ ಸರಿ ಆಯ್ತು ಅಂತ ಇರೋದು. ಊರ್ನಾಗೆ ನಾಕ್ ಜನುಕ್ಕೆ ತೋರುಸ್ಬೇಕು.'

ಅದನ್ನು ನಾನು ಆಗಲೇ ಕಂಪ್ಯೂಟರ್ ಹುಡುಗನ ಹತ್ತಿರ ಕೇಳಿದ್ದೆ. ಮಧ್ಯಾಹ್ನದ ಲೆಕ್ಕ ಬೆಳಗಿನದರ ಮೇಲೆಯೇ ಕೂರುತ್ತದೆ, ಹಳೆಯದು ಎಲ್ಲೂ ಉಳಿಯುವುದಿಲ್ಲ. ಕಾಗದ ಬುಟ್ಟಿಗೆ ಹೋಗಿತ್ತು. ಅಷ್ಟನ್ನೂ ಹೇಳಿದೆ. ಅವರಿಗೆ ಅರ್ಥವಾಗಲಿ ಅಂತ ಇನ್ನೊಂದು ಸಲ ಹೇಳಿದೆ.

'ಅಂಗಾರೆ ಈಗ ಅಲ್ಲಿ ಏನದೆ?'

'ಅವತ್ತು ನರಸೀಪುರದಿಂದ ಹಾಲು ಒಂದು ತೊಟ್ಟೂ ಕಮ್ಮಿ ಬಂದಿಲ್ಲ ಅಂತ ಇದೆ ಅಣ್ಣ.'

'ಕಮ್ಮಿ ಅಂತ ಯಾವತ್ತೂ ಇರ್ನೇ ಇಲ್ಲ ಅನ್ನಂಗೆ?'

'ಹೂಂ.'

ನರಸೀಪುರದ ಬಸ್ಸು ಬಂದು ನಿಂತು, ಕಂಡಕ್ಟರು ಕೂಗತೊಡಗಿದ.

'ಅಂಗಾರೆ ನಾ ಯಾಕ್ ಮೇಡಮ್ಮ ಮನೇಲಿವ್ನಿ?'

ಅವರು ಬಸ್ಸು ಹತ್ತಿದರು. ಮೈಮೇಲೆ ಅದೇ ಬಿಳೀ ಶರ್ಟು ಇತ್ತು.