ಎರಡು ವಾರಕ್ಕೆ ನಲವತ್ತೆಂಟು ಗಂಟೆ

ಹೋಬಾರ್ಟ್ ನಗರದ ಒಂದು ವೃದ್ಧಾಶ್ರಮದಲ್ಲಿ ದಿಲ್‌ಕುಮಾರಿ ರೋಕಾ ಎಂದು ಪೂರ್ತಿ ಹೆಸರು ಹೇಳಿದರೆ ಯಾರಿಗೂ ತಿಳಿಯುವುದಿಲ್ಲ. ದಿಲು ಎಂದರೆ ಒಂಬತ್ತನೇ ಕೋಣೆಯ ಎನಿಡ್ ಅಜ್ಜಿಯೂ ಕತ್ತೆತ್ತಿ ನೋಡುತ್ತಾರೆ. ಅಜ್ಜಿಗೆ ಕೈ ನಡುಕ, ಎರಡು ವರ್ಷದಿಂದ ಯಾರಾದರೂ ತಿನ್ನಿಸಬೇಕು. ದಿಲು ತಿನ್ನಿಸಿದರೆ ತಟ್ಟೆ ಖಾಲಿ, ಬೇರೆಯವರು ಕೂತರೆ ಅರ್ಧ ವಾಪಸ್.

ದಿಲು ನೇಪಾಳದ ಬಾಗ್‌ಲುಂಗ್‌ನವಳು. ನರ್ಸಿಂಗ್ ಓದು ಮುಗಿಯಲು ಇನ್ನೊಂದೇ ಸೆಮಿಸ್ಟರ್. ತರಗತಿ ನಡೆಯುವಾಗ ಎರಡು ವಾರಕ್ಕೆ ನಲವತ್ತೆಂಟು ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ ಎನ್ನುವುದು ಅವಳ ವೀಸಾದ ಷರತ್ತು. ಅವಳ ಜೊತೆ ಕೋಣೆ ಹಂಚಿಕೊಂಡಿದ್ದ ಹುಡುಗಿಯೊಬ್ಬಳು ಇದೇ ಲೆಕ್ಕ ತಪ್ಪಿ, ಓದು ಅರ್ಧಕ್ಕೇ ಬಿಟ್ಟು ವಿಮಾನ ಹತ್ತಿದ್ದಳು. ಅಂದಿನಿಂದ ದಿಲು ಫ್ರಿಜ್ ಬಾಗಿಲಿಗೆ ಕ್ಯಾಲೆಂಡರ್ ಅಂಟಿಸಿ, ಹಲ್ಲುಜ್ಜುವುದನ್ನು ಮರೆತರೂ ಗಂಟೆ ಬರೆಯುವುದನ್ನು ಮರೆಯಳು.

ಒಂದು ಗುರುವಾರ ಸಂಜೆ ಹಾಗೆ ಬರೆಯುತ್ತಿದ್ದವಳು ಎರಡು ವಾರದ ಗಂಟೆ ಕೂಡಿಸಿ ನೋಡಿ ಪೆನ್ನು ಕೆಳಗಿಟ್ಟಳು. ಮರುದಿನ ಬೆಳಗ್ಗೆಯೇ ಪಾಳಿ ಹಾಕುವ ಜನೀನಳ ಮೇಜಿನ ಮುಂದೆ ಹೋಗಿ ನಿಂತಳು.

"ಭಾನುವಾರ ನಾನು ಬರೋಕಾಗಲ್ಲ ಜನೀನ್."

"ಭಾನುವಾರ ಎನಿಡ್‌ಗೆ ನೂರು ತುಂಬುತ್ತೆ ಕಣೆ. ಮೇಯರ್ ಬರ್ತಾರೆ, ಫೋಟೋ ತೆಗೀತಾರೆ. ನೀನಿಲ್ದೆ ಅವರು ಬಾಯೇ ತೆಗೆಯಲ್ಲ. ನೋಡಿಲ್ಲಿ, ಹೋದ ಸಂಬಳದ ಎರಡು ವಾರ ಇಪ್ಪತ್ತು, ಇಪ್ಪತ್ತೆಂಟು. ಈ ಎರಡು ವಾರ, ಭಾನುವಾರದ್ದೂ ಸೇರಿ, ಇಪ್ಪತ್ತೆಂಟು, ಇಪ್ಪತ್ತು. ಎರಡೂ ನಲವತ್ತೆಂಟೇ. ಕಂಪ್ಯೂಟರ್ ಹಸಿರು ತೋರಿಸ್ತಿದೆ."

"ನಿಮ್ಮ ಕಂಪ್ಯೂಟರಿಗೆ ವೀಸಾ ಇಲ್ಲ. ನನಗಿದೆ. ಪ್ರತಿ ಸೋಮವಾರದಿಂದ್ಲೂ ಒಂದು ಹೊಸ ಹದಿನಾಲ್ಕು ದಿನದ ಲೆಕ್ಕ ಶುರುವಾಗುತ್ತೆ. ಹೋದ ವಾರ ಇಪ್ಪತ್ತೆಂಟು ಮಾಡಿದೀನಿ, ಈ ವಾರ ನಿನ್ನೆಗೆ ಇಪ್ಪತ್ತಾಯ್ತು. ಮುಗೀತು. ಭಾನುವಾರದ ಎಂಟು ಸೇರಿದ್ರೆ ಐವತ್ತಾರು."

ಜನೀನ್ ಬೆರಳು ಮಡಿಚಿ ಎಣಿಸಿದಳು. ಎರಡು ಸಲ ಎಣಿಸಿದರೂ ಐವತ್ತಾರೇ ಬಂತು. "ಹಾಗಿದ್ರೆ ಸಂಬಳ ಬೇಡ, ಸುಮ್ನೆ ಸೇವೆ ಅಂತ ಬಾ."

"ಬೇರೆಯವರು ಸಂಬಳ ತಗೊಂಡು ಮಾಡೋ ಕೆಲಸಾನ ನಾನು ಪುಕ್ಕಟೆ ಮಾಡಿದ್ರೂ ಅದು ಕೆಲಸಾನೇ."

ಕೊನೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ದಿಲು ಅತಿಥಿಯಾಗಿ ಬರುವುದು, ಏನನ್ನೂ ಮುಟ್ಟದಿರುವುದು.

ಭಾನುವಾರ ಅವಳು ಕೆಂಪು ಕುರ್ತಾ ತೊಟ್ಟು, ಸಂದರ್ಶಕರ ಪುಸ್ತಕದಲ್ಲಿ ಸಹಿ ಹಾಕಿ, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಸುಮ್ಮನೆ ಕೂರುವುದು ಇಷ್ಟು ಕಷ್ಟದ ಕೆಲಸವೆಂದು ಅವಳಿಗೆ ಗೊತ್ತಿರಲಿಲ್ಲ. ಪಕ್ಕದ ಕೋಣೆಯ ಕರೆಗಂಟೆ ಹೊಡೆದಾಗಲೆಲ್ಲ ಎದ್ದು ನಿಲ್ಲುವಳು, ನೆನಪಾಗಿ ಕೂರುವಳು. ಪಕ್ಕದಲ್ಲೇ ಕೂತಿದ್ದ ಮುದುಕ ರೆಕ್ಸ್ ನೀರು ಕೇಳಿದ.

"ನಾನಿವತ್ತು ಅತಿಥಿ, ರೆಕ್ಸ್. ಜನೀನ್‌ನ ಕರೀತೀನಿ."

"ನಾನೂ ಅತಿಥೀನೇ. ನಾಲ್ಕು ವರ್ಷ ಆಯ್ತು, ಮನೆಗೆ ಬಿಡ್ತಿಲ್ಲ."

ಮೇಯರ್ ಬಂದು ಕೈಕುಲುಕಿ ಹೋದರು. ಕೇಕ್ ಕತ್ತರಿಸಿದ್ದಾಯಿತು. ಜನೀನ್ ಚಮಚದಲ್ಲಿ ಕೇಕ್ ಹಿಡಿದು ಬಂದಳು, ಅಜ್ಜಿ ತುಟಿ ಬಿಗಿದರು. ಜನೀನ್ ದಿಲುವಿನ ಕಿವಿಯಲ್ಲಿ ಪಿಸುಗುಟ್ಟಿದಳು: "ಒಂದೇ ಚಮಚ. ಎಷ್ಟು ಸೆಕೆಂಡ್ ಆಗುತ್ತೆ?"

"ನಲವತ್ತೆಂಟರ ಮೇಲೆ ಒಂದು ಸೆಕೆಂಡ್ ಆದ್ರೂ ಮೇಲೇನೇ."

ಕಿವಿ ಮಾತ್ರ ಅಜ್ಜಿಗೆ ಇನ್ನೂ ಚುರುಕು. "ಏನದು ಗುಸುಗುಸು? ನೀನ್ಯಾಕೆ ಕೊಡ್ತಿಲ್ಲ ದಿಲು? ಸಿಟ್ಟಾ ನನ್ಮೇಲೆ?"

ದಿಲುವಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. "ಇಲ್ಲಜ್ಜಿ. ಈ ವಾರದ ನನ್ನ ಗಂಟೆಗಳು ಮುಗಿದು ಹೋಗಿವೆ. ಇವತ್ತು ಕೆಲಸ ಮಾಡಿದ್ರೆ ನನ್ನನ್ನ ಊರಿಗೆ ಕಳಿಸಿಬಿಡಬಹುದು."

"ನನಗೆ ಕೇಕ್ ತಿನ್ನಿಸೋದು ನಿಂಗೆ ಕೆಲಸವಾ?"

ಹೌದೆಂದರೆ ಅಜ್ಜಿಗೆ ನೋವು. ಅಲ್ಲವೆಂದರೆ ತಿನ್ನಿಸದೆ ಕೂತಿದ್ದೇಕೆ? ಇಷ್ಟು ದಿನ ಗಂಟೆ, ನಿಮಿಷ ಎಲ್ಲವನ್ನೂ ಬರೆದಿಟ್ಟವಳಿಗೆ ಈ ಒಂದು ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. ಕಣ್ಣು ತುಂಬಿತು.

ಅಜ್ಜಿ ಜನೀನಳ ಕೈಯಿಂದ ಚಮಚ ಕಿತ್ತುಕೊಂಡರು. ಎರಡೂ ಕೈಯಲ್ಲಿ ಹಿಡಿದು, ಗಡಗಡ ನಡುಗಿಸುತ್ತ, ಅರ್ಧ ಕೇಕ್ ಮಡಿಲಿಗೆ ಬೀಳಿಸಿಕೊಂಡು, ಉಳಿದದ್ದನ್ನು ದಿಲುವಿನ ಮುಖದ ಹತ್ತಿರ ತಂದರು.

"ನನ್ನ ಗಂಟೆಗಳನ್ನ ಯಾವ ಸರ್ಕಾರವೂ ಎಣಿಸಲ್ಲ. ಬಾಯಿ ತೆಗಿ."